ದ್ರಾಕ್ಷಿ ಹಿಡಿಯೋ ಆಟ: ಪಾಕೆಟ್ ಕೋಡ್‌ನಲ್ಲೊಮ್ಮೆ, ಜಿಡೆವಲಪ್‌ನಲ್ಲೊಮ್ಮೆ

ರಜೆಗೆ ವಿಜಯಪುರಕ್ಕೆ ಬಂದ ಅಣ್ಣನ ಮಗನಿಗೆ ತಾನೇ ಒಂದು ಗೇಮ್ ಮಾಡಬೇಕಿತ್ತು. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಇರೋದು ನನ್ನ ಹಳೆಯ ಆಂಡ್ರಾಯ್ಡ್ ಫೋನು. ಆಟ ಸರಳ: ಮೇಲಿಂದ ದ್ರಾಕ್ಷಿ ಬೀಳಬೇಕು, ಕೆಳಗೆ ಬುಟ್ಟಿ ಹಿಡಿಯಬೇಕು, ಸಿಕ್ಕರೆ ಒಂದು ಪಾಯಿಂಟ್. ಅದನ್ನೇ ಎರಡು ಆ್ಯಪ್‌ಗಳಲ್ಲಿ ಮಾಡಿದೆವು.

ಮೊದಲು ಪಾಕೆಟ್ ಕೋಡ್. ಇದರಲ್ಲಿ ಒಂದೊಂದು ಆಜ್ಞೆ ಹೊತ್ತ ಬಣ್ಣದ ಇಟ್ಟಿಗೆಗಳನ್ನು ಒಂದರ ಕೆಳಗೊಂದು ಜೋಡಿಸುತ್ತ ಹೋಗಬೇಕು. ಫೋನ್ ಓರೆ ಮಾಡಿದರೆ ಬುಟ್ಟಿ ಸರಿಯುವುದು ಇದರಲ್ಲಿ ಬಲು ಸಲೀಸು. ಬುಟ್ಟಿಯ X ಬದಲಾಯಿಸುವ ಇಟ್ಟಿಗೆಯಲ್ಲಿ, ಫೋನಿನ ಸೆನ್ಸರ್‌ಗಳ ಪಟ್ಟಿಯಿಂದ `inclination_x` ಆರಿಸಿ, ನಿಲ್ಲದೆ ಓಡುವ ಲೂಪಿನಲ್ಲಿ ಹಾಕಿದರಾಯಿತು. ಬುಟ್ಟಿ ಉಲ್ಟಾ ಓಡಿದರೆ ಮುಂದೊಂದು ಮೈನಸ್ ಹಾಕಿ. ಪರದೆಯ ನಟ್ಟನಡುವೆ ಸೊನ್ನೆ ಇರುವುದರಿಂದ ಎಡಕ್ಕೆ ಹೋದಂತೆ X ಸೊನ್ನೆಗಿಂತ ಕಡಿಮೆಯಾಗುತ್ತದೆ. ಹುಡುಗನಿಗೆ ಇದು ಹತ್ತು ನಿಮಿಷದಲ್ಲಿ ತಲೆಗೆ ಹತ್ತಿತು.

ಎಡವಿದ್ದು ಪಾಯಿಂಟಿನಲ್ಲಿ. ಒಂದೇ ದ್ರಾಕ್ಷಿ ಬುಟ್ಟಿ ತಾಕಿದ್ದಕ್ಕೆ ಸ್ಕೋರ್ ಏಳೆಂಟು ಏರಿತು. ದ್ರಾಕ್ಷಿ ಬುಟ್ಟಿಯ ಮೇಲಿಂದ ಹಾದು ಕೆಳಗಿಳಿಯುವಷ್ಟು ಹೊತ್ತೂ ಲೂಪ್ ತಿರುಗುತ್ತಲೇ ಇತ್ತು, ತಿರುಗಿದಾಗೆಲ್ಲ 'ತಾಕಿದೆ' ಎಂದು ಒಂದು ಕೂಡಿಸುತ್ತಿತ್ತು. ಕೂಡಿಸಿದ ಇಟ್ಟಿಗೆಯ ಬೆನ್ನಿಗೇ ದ್ರಾಕ್ಷಿಯನ್ನು ಮತ್ತೆ ಮೇಲಕ್ಕೆ ಕಳಿಸುವ ಇಟ್ಟಿಗೆ ಇಟ್ಟೆವು, ಲೆಕ್ಕ ಸರಿಹೋಯಿತು.

ಜಿಡೆವಲಪ್‌ನಲ್ಲಿ ಇಟ್ಟಿಗೆಗಳಿಲ್ಲ. 'ಹೀಗಾದರೆ' ಎನ್ನುವ ಷರತ್ತು, 'ಇದನ್ನು ಮಾಡು' ಎನ್ನುವ ಕೆಲಸ, ಇವೆರಡು ಸೇರಿ ಒಂದು ಸಾಲು. ಸಣ್ಣ ಪರದೆಯಲ್ಲಿ ಇದು ಇಕ್ಕಟ್ಟು. ಫೋನ್ ಅಡ್ಡ ಹಿಡಿದರೂ ನನ್ನ ದಪ್ಪ ಬೆರಳು ಪಕ್ಕದ ಸಾಲಿಗೇ ಬೀಳುತ್ತಿತ್ತು. ಬುಟ್ಟಿಗೆ `Draggable` ಹಚ್ಚಿದರೆ ಬೆರಳಿನಿಂದ ಎಳೆಯಬಹುದು, ಆದರೆ ಅದು ಮೇಲಕ್ಕೂ ಬರುತ್ತದೆ. ಹುಡುಗ ಬುಟ್ಟಿಯನ್ನು ದ್ರಾಕ್ಷಿ ಹುಟ್ಟುವ ಜಾಗಕ್ಕೇ ಒಯ್ದು ಪಾಯಿಂಟ್ ಬಾಚಿಕೊಂಡ! ಷರತ್ತೇ ಇಲ್ಲದ ಸಾಲೊಂದರಲ್ಲಿ ಅದರ Y ಕಟ್ಟಿಹಾಕಿದ ಮೇಲೆ ಆ ಕಳ್ಳಾಟ ನಿಂತಿತು.

ಇಲ್ಲಿ ತಾಕಿದ ದ್ರಾಕ್ಷಿಯನ್ನು ಅಳಿಸಿಬಿಡುವುದರಿಂದ ಸ್ಕೋರಿನ ತಕರಾರು ಬರಲಿಲ್ಲ. ತಕರಾರು ಟೈಮರಿನದು. ಒಂದು ಸೆಕೆಂಡ್ ದಾಟಿದರೆ ಹೊಸ ದ್ರಾಕ್ಷಿ ಎಂದು ಬರೆದಿದ್ದೆವು, ಟೈಮರನ್ನು ಮತ್ತೆ ಸೊನ್ನೆಗೆ ತರುವುದನ್ನು ಮರೆತಿದ್ದೆವು. ಒಮ್ಮೆ ದಾಟಿದ ಸೆಕೆಂಡು ದಾಟಿಯೇ ಇರುತ್ತದಲ್ಲ, ಪ್ರತಿ ಫ್ರೇಮಿಗೂ ಒಂದು ದ್ರಾಕ್ಷಿ ಹುಟ್ಟತೊಡಗಿತು.

"ಕಾಕಾ, ಮಳಿ ಹೊಡದಂಗ ಸುರ್ಯಾಕತ್ತಾವ!" ಅಂದ. ಫೋನ್ ಬಿಸಿಯಾಗಿ ಆಟ ತೆವಳತೊಡಗಿತ್ತು. ಅದೇ ಸಾಲಿನಲ್ಲಿ ಟೈಮರ್ ರೀಸೆಟ್ ಸೇರಿಸಿ, ಪರದೆಯ ಕೆಳಗೆ ಹೋದ ದ್ರಾಕ್ಷಿಯನ್ನೂ ಅಳಿಸಿದೆವು.

ಕಾಗದದ ಮೇಲೆ ಬಿಡಿಸಿದ್ದನ್ನು ಫೋಟೊ ಹೊಡೆದು ಆಟ ಮಾಡುವ ಡ್ರಾ ಯುವರ್ ಗೇಮ್ ಕೂಡ ನೋಡಿದೆವು. ಕಪ್ಪು ಗೆರೆ ನೆಲ, ಕೆಂಪು ಗೆರೆ ತಾಕಿದರೆ ಔಟ್. ಮಜಾ ಇದೆ, ಆದರೆ ನಮ್ಮ ದ್ರಾಕ್ಷಿ ಆಟಕ್ಕೆ ಅದು ಒಗ್ಗಲಿಲ್ಲ.

ಮೊದಲ ಆಟಕ್ಕೆ, ಅದೂ ಫೋನಿನಲ್ಲೇ ಎಂದರೆ, ನಾನು ಪಾಕೆಟ್ ಕೋಡ್ ಅನ್ನೇ ಕೊಡುತ್ತೇನೆ. ಐದಾರು ದ್ರಾಕ್ಷಿ ಒಟ್ಟಿಗೆ ಬೀಳಿಸಲು ಅಲ್ಲಿ ಕ್ಲೋನ್ ಮಾಡುವ ಇಟ್ಟಿಗೆ ಇದೆ, ಆದರೆ ಅದನ್ನು ಸಂಭಾಳಿಸುವಷ್ಟರಲ್ಲಿ ನಾವಿಬ್ಬರೂ ಸುಸ್ತು. ಆ ಕೆಲಸಕ್ಕೆ ಹುಡುಗ ಈಗ ಜಿಡೆವಲಪ್‌ಗೇ ಹೋಗುತ್ತಾನೆ.