ಶಾಲೆಯ ಹಾಜರಿ ಆ್ಯಪ್: ಮೂರು ವರ್ಷ ಬಳಸಿದ ಮೇಲೆ

ನಮ್ಮದು ಹಾವೇರಿ ಜಿಲ್ಲೆಯ ಒಂದು ಅನುದಾನಿತ ಪ್ರೌಢಶಾಲೆ. 8ರಿಂದ 10ನೇ ತರಗತಿವರೆಗೆ 312 ಮಕ್ಕಳು, ಹನ್ನೊಂದು ಮಂದಿ ಶಿಕ್ಷಕರು, ಒಬ್ಬರು ಕ್ಲರ್ಕ್. 2022ರ ಜೂನ್‌ನಲ್ಲಿ ಹಾಜರಿ ಮತ್ತು ದಾಖಲೆಗಳಿಗೆ ಒಂದು ಖಾಸಗಿ ಕಂಪನಿಯ ಆ್ಯಪ್ ತಗೊಂಡೆವು. ನಾನು ಗಣಿತ ಕಲಿಸುವವನು. ಕಂಪ್ಯೂಟರ್ ಗೊತ್ತು ಅಂತ ಉಸ್ತುವಾರಿ ನನಗೇ ಬಂತು. ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥ ಯಾವ ಆ್ಯಪ್ ತಗೊಂಡರೂ ಇದೇ ಜಾಗಗಳಲ್ಲಿ ತೊಂದರೆ ಬರಬಹುದು ಅಂತ ನನಗನಿಸುತ್ತದೆ.

ಮೊದಲ ವರ್ಷ ಸ್ಟಾಫ್ ರೂಮಿನಲ್ಲಿ ಯಾರಿಗೂ ಇದು ಬೇಕಾಗಿರಲಿಲ್ಲ. ಎಲ್ಲರಿಗಿಂತ ಜಾಸ್ತಿ ವಿರೋಧ ಮಾಡಿದವರು ಇಬ್ಬರು. ಒಬ್ಬರು ಕ್ಲರ್ಕ್ ಸರ್, ಇನ್ನೊಬ್ಬರು 9ನೇ ತರಗತಿಯ ಕ್ಲಾಸ್ ಟೀಚರ್ ಅಕ್ಕೋರು. ವಯಸ್ಸಾದವರು, ಹೊಸದನ್ನು ಕಲಿಯಲು ಹಿಂಜರಿಯುತ್ತಿದ್ದಾರೆ ಅಂತ ಆಗ ನಾನು ತಿಳಿದಿದ್ದೆ. ಹಾಗಿರಲಿಲ್ಲ. ಇಬ್ಬರ ಮಾತಿನಲ್ಲೂ ನೇರವಾದ ಕಾರಣ ಇತ್ತು.

ಮೊದಲು ಕ್ಲರ್ಕ್ ಸರ್ ವಿಷಯ. ಕಂಪನಿಯ ಹುಡುಗ ಬಂದವನೇ ಮಕ್ಕಳ ಹೆಸರು, ಜನ್ಮದಿನಾಂಕ ಎಲ್ಲಾ ಒಂದು ಎಕ್ಸೆಲ್ ಫೈಲಿನಲ್ಲಿ ಕೊಡಿ ಅಂದ. ನಮ್ಮಲ್ಲಿ ಹಳೆಯ ಫೈಲ್ ಇತ್ತು. ಅದನ್ನೇ ಕೊಟ್ಟೆವು. ಕ್ಲರ್ಕ್ ಸರ್ ಒಪ್ಪಲಿಲ್ಲ. "ಆ ಫೈಲ್ ನಂಬಬ್ಯಾಡ್ರಿ ಸರ್, ಜನರಲ್ ರಿಜಿಸ್ಟರ್ ನೋಡಿ ಒಂದೊಂದಾಗಿ ಹಾಕೂಣು" ಅಂದರು. ಶಾಲೆಗೆ ಸೇರಿದ ಮಕ್ಕಳ ದಾಖಲಾತಿ ಬರೆದಿಡುವ ಪುಸ್ತಕ ಅದು. ಹುಡುಗನಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ನನಗೂ ಅದು ಸುಮ್ನೆ ಟೈಮ್ ಹಾಳು ಅನಿಸಿತು. ಅರ್ಧ ಗಂಟೆಯಲ್ಲಿ ಫೈಲ್ ಏರಿತು.

ಏರಿಸಿದ ಕೂಡಲೇ ಎರಡು ತಪ್ಪು ಕಣ್ಣಿಗೆ ಬಿದ್ದವು. ಹೆಸರುಗಳು ನುಡಿ ಫಾಂಟಿನಲ್ಲಿ ಟೈಪ್ ಆಗಿದ್ದವು. ಆ್ಯಪ್ ಓದುವುದು ಯೂನಿಕೋಡ್. ಹಾಗಾಗಿ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬಂತು. ಕಂಪನಿಯ ಹುಡುಗ ಪರಿವರ್ತನೆ ಮಾಡಿ ಸರಿ ಮಾಡಿದ. ಎರಡನೆಯದು, ಸುಮಾರು ಮಕ್ಕಳ ಜನ್ಮದಿನಾಂಕದ ಮುಂದೆ ಕೆಂಪು ಗುರುತು ಬಂದು 'ದಿನಾಂಕ ಸರಿಯಿಲ್ಲ' ಅಂತ ತೋರಿಸಿತು. ಅವನ್ನೂ ಅವನು ಕೂತು ಕೈಯಿಂದ ತಿದ್ದಿದ. ಕೆಂಪು ಗುರುತು ಎಲ್ಲಾ ಹೋಯಿತು. ಎಲ್ಲಾ ಸರಿಯಾಯಿತು ಅಂದುಕೊಂಡೆವು.

ಏಳು ತಿಂಗಳು ಕಳೆಯಿತು. 2023ರ ಜನವರಿ 6, ಶುಕ್ರವಾರ. ಆ್ಯಪ್‌ನ ಮೊದಲ ಪುಟದಲ್ಲಿ ದಿನಾ 'ಇಂದಿನ ಹುಟ್ಟುಹಬ್ಬ' ಅಂತ ಒಂದು ಚಿಕ್ಕ ಪಟ್ಟಿ ಬರುತ್ತದೆ. ಒಬ್ಬರದೋ ಇಬ್ಬರದೋ ಹೆಸರು ಇರುತ್ತದೆ. ಅವತ್ತು 37 ಹೆಸರು ಇದ್ದವು. ನಾನು ಮೊಬೈಲ್ ಹಿಡಿದುಕೊಂಡು ಆಫೀಸಿಗೆ ಹೋಗಿ ತೋರಿಸಿದೆ. ಕ್ಲರ್ಕ್ ಸರ್ ಕನ್ನಡಕ ಹಾಕಿಕೊಂಡು ನಾಲ್ಕೈದು ಹೆಸರು ಓದಿದರು. ಆಮೇಲೆ ಮೊಬೈಲ್ ವಾಪಸ್ ಕೊಟ್ಟು ಹೇಳಿದರು: "ಇವರೆಲ್ಲಾ ನನ್ನ ರಿಜಿಸ್ಟರ್‌ನ್ಯಾಗ ಜೂನ್ ಒಂದಕ್ಕ ಹುಟ್ಟಿದವ್ರ ಅದಾರ್ರೀ."

ನಮ್ಮ ಕಡೆ ಶಾಲೆಗಳಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತು. ಹುಟ್ಟಿದ ದಿನ ಬರೆದಿಡದ ಮನೆಯ ಮಗುವನ್ನು ಒಂದನೇ ತರಗತಿಗೆ ಸೇರಿಸುವಾಗ ವಯಸ್ಸಿನ ಲೆಕ್ಕಕ್ಕೆ ಜೂನ್ 1 ಅಂತ ಬರೆಯುವ ರೂಢಿ ಇದೆ. ಅದು ಫೈಲಿನಲ್ಲಿ 01/06/2008 ಅಂತ ಇತ್ತು. ಫೈಲಿಗೆ ತಾರೀಖು ಟೈಪ್ ಮಾಡಿದ ಲ್ಯಾಪ್‌ಟಾಪ್ ಅಮೆರಿಕದ ಪದ್ಧತಿಯಲ್ಲಿ ಸೆಟ್ ಆಗಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಹಾಗಾಗಿ ಜೂನ್ 1 ಹೋಗಿ ಜನವರಿ 6 ಆಯಿತು.

ಇಲ್ಲಿ ಅಪಾಯ ಎಲ್ಲಿದೆ ನೋಡಿ. 15/06/2008 ಇದ್ದರೆ ಎಕ್ಸೆಲ್‌ಗೆ ಹದಿನೈದನೇ ತಿಂಗಳು ಸಿಗುವುದಿಲ್ಲ. ಅದನ್ನು ದಿನಾಂಕ ಅಂತ ತಗೊಳ್ಳದೆ ಬರೀ ಅಕ್ಷರಗಳಾಗಿ ಇಟ್ಟುಕೊಳ್ಳುತ್ತದೆ. ಆ್ಯಪ್ ಅದಕ್ಕೇ ಕೆಂಪು ಗುರುತು ಹಾಕಿದ್ದು. ಆ ಹುಡುಗ ತಿದ್ದಿದ್ದು ಅವನ್ನೇ. ಆದರೆ ತಾರೀಖು 12 ಅಥವಾ ಅದಕ್ಕಿಂತ ಕಡಿಮೆ ಇದ್ದವು ಸದ್ದಿಲ್ಲದೆ ತಿರುಗಿ ಒಳಗೆ ಹೋದವು. ನಾವು ತಿದ್ದಿದ್ದು ಕಾಣುವ ತಪ್ಪುಗಳನ್ನು ಮಾತ್ರ. ಕಾಣದವು ಏಳು ತಿಂಗಳು ಹಾಗೇ ಕೂತಿದ್ದವು.

ನಿಮ್ಮ ಫೈಲಿನಲ್ಲಿ ಹೀಗಾಗಿದೆಯಾ ಅಂತ ನೋಡುವುದು ಸುಲಭ. ಜನ್ಮದಿನಾಂಕ C ಕಾಲಂನಲ್ಲಿ ಇದ್ದರೆ ಪಕ್ಕದ ಖಾಲಿ ಕಾಲಂನಲ್ಲಿ ಇದನ್ನು ಹಾಕಿ ಕೆಳಗೆ ಎಳೆಯಿರಿ:

```
=ISTEXT(C2)
```

ಒಂದಷ್ಟು ಕಡೆ TRUE, ಒಂದಷ್ಟು ಕಡೆ FALSE ಬಂದರೆ, ಮತ್ತು TRUE ಬಂದ ಸಾಲುಗಳಲ್ಲೆಲ್ಲ ತಾರೀಖು 13 ಅಥವಾ ಅದಕ್ಕಿಂತ ಹೆಚ್ಚೇ ಇದ್ದರೆ, FALSE ಬಂದವು ತಿರುಗಿವೆ ಅಂತಲೇ ತಿಳಿಯಿರಿ. ಆ ಫೈಲನ್ನು ಏರಿಸಬೇಡಿ.

ಆ ಏಳು ತಿಂಗಳಲ್ಲಿ ಆ್ಯಪ್‌ನಿಂದ ಒಂದು ಟಿಸಿ ಪ್ರಿಂಟ್ ಆಗಿತ್ತು. ಡಿಸೆಂಬರ್‌ನಲ್ಲಿ ಧಾರವಾಡದ ಕಡೆ ಹೋದ ಒಬ್ಬ ಹುಡುಗಿಯದು. ತೆಗೆದು ನೋಡಿದರೆ ಅದರಲ್ಲೂ ಜನವರಿ 6. ಅವಳ ತಂದೆಗೆ ಫೋನ್ ಮಾಡಿ ಕರೆಸಿ, ಹಳೆಯದನ್ನು ರದ್ದು ಮಾಡಿ ಬೇರೆ ಕೊಟ್ಟೆವು. ಅವರು ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು. ಅದು ನನ್ನ ಮನಸ್ಸಿಗೆ ಇವತ್ತಿಗೂ ಚುಚ್ಚುತ್ತದೆ. 10ನೇ ತರಗತಿಯವರದು ಮಾತ್ರ ಬಚಾವ್ ಆಗಿತ್ತು. ಪರೀಕ್ಷೆ ನೋಂದಣಿ ನಡೆಯುವುದು ಶಿಕ್ಷಣ ಇಲಾಖೆಯ ಸ್ಯಾಟ್ಸ್ ಎಂಬ ಆನ್‌ಲೈನ್ ದಾಖಲೆಯ ಮಾಹಿತಿಯಿಂದ. ಅದನ್ನು ಕ್ಲರ್ಕ್ ಸರ್ ರಿಜಿಸ್ಟರ್ ನೋಡಿಯೇ ತುಂಬಿದ್ದರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತಾರೀಖು ತಪ್ಪಿದರೆ ಆ ಮಗು ಕೆಲಸಕ್ಕೆ, ಪಾಸ್‌ಪೋರ್ಟಿಗೆ ಹೋದಲ್ಲೆಲ್ಲಾ ಅಲೆಯಬೇಕಾಗುತ್ತದೆ.

ಆಮೇಲೆ ಕ್ಲರ್ಕ್ ಸರ್ ಮೊದಲೇ ಹೇಳಿದ್ದ ಹಾಗೇ ಮಾಡಿದೆವು. ನಾಲ್ಕು ಮಧ್ಯಾಹ್ನ ಇಬ್ಬರೂ ಕೂತೆವು. ಜನರಲ್ ರಿಜಿಸ್ಟರ್‌ನಲ್ಲಿ ಜನ್ಮದಿನಾಂಕ ಅಂಕಿಯಲ್ಲೂ ಇರುತ್ತದೆ, ಅಕ್ಷರದಲ್ಲೂ ಇರುತ್ತದೆ. 'ಒಂದನೇ ಜೂನ್ ಎರಡು ಸಾವಿರದ ಎಂಟು' ಅಂತ ಬರೆದಿದ್ದು ಯಾವ ಕಂಪ್ಯೂಟರ್‌ನಲ್ಲೂ ತಿರುಗುವುದಿಲ್ಲ. ಅವರು ಅಕ್ಷರದಲ್ಲಿದ್ದುದನ್ನು ಗಟ್ಟಿಯಾಗಿ ಓದಿದರು. ನಾನು ದಿನ, ತಿಂಗಳು, ವರ್ಷವನ್ನು D, E, F ಎಂಬ ಮೂರು ಬೇರೆ ಕಾಲಂಗಳಲ್ಲಿ ಹಾಕಿದೆ. ಕೊನೆಗೆ ಮೂರನ್ನೂ ಹೀಗೆ ಸೇರಿಸಿದೆ:

```
=DATE(F2,E2,D2)
```

ಹೀಗೆ ಮಾಡಿದರೆ ಲ್ಯಾಪ್‌ಟಾಪ್ ಯಾವ ದೇಶದ ಪದ್ಧತಿಯಲ್ಲಿದ್ದರೂ ದಿನ ಮತ್ತು ತಿಂಗಳು ಅದಲುಬದಲಾಗುವುದಿಲ್ಲ. ಆಮೇಲೆ ಇನ್ನೊಂದು ಸಲ ತಿರುವು ಮುರುವು ಓದಿದೆವು. ಈ ಸಲ ನಾನು ಪರದೆ ನೋಡಿ ಓದಿದೆ, ಅವರು ರಿಜಿಸ್ಟರ್‌ನಲ್ಲಿ ಬೆರಳಿಟ್ಟು ನೋಡಿದರು.

ಇನ್ನು ಅಕ್ಕೋರ ವಿಷಯ. ಆ್ಯಪ್‌ನಲ್ಲಿ ಹಾಜರಿ 10:15ಕ್ಕೆ ಲಾಕ್ ಆಗುತ್ತಿತ್ತು. ಆಗ ಗೈರು ಇದ್ದ ಮಕ್ಕಳ ಮನೆಗೆ ತಾನಾಗೇ ಮೆಸೇಜ್ ಹೋಗುತ್ತಿತ್ತು. ನಮ್ಮ ಶಾಲೆಗೆ ಎರಡು ಹಳ್ಳಿಗಳಿಂದ 22 ಮಕ್ಕಳು ಒಂದೇ ಬಸ್ಸಿಗೆ ಬರುತ್ತಾರೆ. ಆ ಬಸ್ ಬರುವುದೇ 10:25ರ ಸುಮಾರಿಗೆ. ಮಕ್ಕಳು ಕ್ಲಾಸಿನಲ್ಲಿ ಕೂತಿರುತ್ತಾರೆ, ಮನೆಯವರ ಫೋನಿಗೆ 'ನಿಮ್ಮ ಮಗಳು ಇಂದು ಗೈರು' ಅಂತ ಹೋಗಿರುತ್ತದೆ. ಗೋವಾಕ್ಕೆ ದುಡಿಯಲು ಹೋಗಿದ್ದ ಒಬ್ಬ ತಂದೆ ಗಾಬರಿಯಿಂದ ಅಕ್ಕೋರಿಗೆ ಫೋನ್ ಮಾಡಿದರು. ಬೆಳಗ್ಗೆ ಮನೆ ಬಿಟ್ಟ ಹುಡುಗಿ ಶಾಲೆಗೆ ಬಂದಿಲ್ಲ ಅಂದರೆ ಯಾರಿಗಾದರೂ ಕೈಕಾಲು ಆಡುವುದಿಲ್ಲ, ಅಲ್ವಾ? ಬೈಸಿಕೊಂಡವರು ಮಾತ್ರ ಅಕ್ಕೋರು.

ಬಿಸಿಯೂಟಕ್ಕೂ ಇದು ತಟ್ಟಿತು. ಅಡುಗೆಯ ಅಕ್ಕಂದಿರು ಅಕ್ಕಿ ಅಳೆಯುವುದು ಹಾಜರಿ ಸಂಖ್ಯೆ ನೋಡಿ. ಒಂದು ಮಗುವಿಗೆ 150 ಗ್ರಾಂ. 22 ಮಕ್ಕಳು ಲೆಕ್ಕದಲ್ಲಿ ಇಲ್ಲ ಅಂದರೆ ಸುಮಾರು ಮೂರೂಕಾಲು ಕಿಲೋ ಅಕ್ಕಿ ಕಮ್ಮಿ.

ಅಕ್ಕೋರು ತಮ್ಮದೇ ದಾರಿ ಹಿಡಿದರು. ಬಸ್ಸಿನ ಮಕ್ಕಳಿಗೆಲ್ಲಾ ಮುಂಚೆಯೇ ಹಾಜರಿ ಹಾಕತೊಡಗಿದರು. ಒಂದು ದಿನ ಜೋರು ಮಳೆ. ಬಸ್ ಬರಲೇ ಇಲ್ಲ. ಅವರ ಕ್ಲಾಸಿನ ಎಂಟು ಮಕ್ಕಳು ಮನೆಯಲ್ಲಿದ್ದಾರೆ, ಆ್ಯಪ್‌ನಲ್ಲಿ ಹಾಜರಿದ್ದಾರೆ. ಲಾಕ್ ಆದ ಮೇಲೆ ತಿದ್ದಲು ಬರುವುದಿಲ್ಲ. ಮೀಟಿಂಗ್‌ನಲ್ಲಿ ಅವರು ಅಂದಿದ್ದು ಇಷ್ಟೇ: "ಪುಸ್ತಕದಾಗ ತಪ್ಪಾದ್ರ ಗೀಟು ಹೊಡದು ಹೆಡ್‌ಮಾಸ್ಟರ್ ಸಹಿ ಹಾಕಿಸ್ತಿದ್ವಿ. ಇದರಾಗ ಸುಳ್ಳು ಹಾಕಬೇಕು, ಇಲ್ಲಾ ಸುಮ್ಮನಿರಬೇಕು."

ಈ ಮಾತನ್ನು ಹಾಗೇ ಬರೆದು ಕಂಪನಿಗೆ ಕಳಿಸಿದೆ. ಲಾಕ್ ಟೈಮ್ ಎಲ್ಲಾ ಶಾಲೆಗೂ ಒಂದೇ ಇತ್ತಂತೆ. ಬದಲಾಯಿಸಲು ಅವರಿಗೆ ಎರಡು ತಿಂಗಳು ಹಿಡಿಯಿತು. ಈಗ ಹಾಜರಿ, ಗೈರು ಜೊತೆಗೆ 'ತಡ' ಅಂತ ಮೂರನೇ ಗುರುತು ಇದೆ. ಅಡುಗೆ ಮನೆಗೆ ಸಂಖ್ಯೆ 10:40ಕ್ಕೆ ಹೋಗುತ್ತದೆ. ಲಾಕ್ 11ಕ್ಕೆ, ಮೆಸೇಜ್ 11:15ಕ್ಕೆ. ಲಾಕ್ ಆದ ಮೇಲೆ ತಿದ್ದಬೇಕಾದರೆ ಹೆಡ್‌ಮಾಸ್ಟರ್ ಲಾಗಿನ್‌ನಿಂದ ಮಾತ್ರ ಆಗುತ್ತದೆ. ಯಾರು, ಯಾವಾಗ, ಏನಿದ್ದುದನ್ನು ಏನು ಮಾಡಿದರು ಅಂತ ಕೆಳಗೆ ಉಳಿಯುತ್ತದೆ. ಇದಾದ ಮೇಲೆ ಮುಂಚೆಯೇ ಹಾಜರಿ ಹಾಕುವುದು ನಿಂತಿತು.

ಆ್ಯಪನ್ನು ಶಿಕ್ಷಕರು ಸ್ವಂತ ಫೋನಿನಲ್ಲಿ ಹಾಕಿಕೊಳ್ಳಬೇಕಾ ಅಂತಲೂ ಒಂದು ಜಗಳ ಇತ್ತು. ಅದು ಬೇಗ ಮುಗಿಯಿತು. ಆ್ಯಪ್ ಲೊಕೇಶನ್ ಅನುಮತಿ ಕೇಳುತ್ತಿತ್ತು. ಅದನ್ನು ತೆಗೆಸಿದೆವು. ಬೇಡ ಅನ್ನುವವರಿಗೆ ಶಾಲೆಯಿಂದ ಎರಡು ಟ್ಯಾಬ್ ಇಟ್ಟೆವು.

ಮೂರು ವರ್ಷದ ಮೇಲೆ ನಿಜವಾಗಿ ಉಪಯೋಗಕ್ಕೆ ಬಂದಿದ್ದು ಒಂದು. 10ನೇ ತರಗತಿ ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು. ಮುಂಚೆ ಕೊರತೆ ಗೊತ್ತಾಗುವಷ್ಟರಲ್ಲಿ ಫೆಬ್ರವರಿ ಬಂದಿರುತ್ತಿತ್ತು. ನಮ್ಮಲ್ಲಿ ಹತ್ತಿ ಬಿಡಿಸುವಾಗ, ಆಮೇಲೆ ಮೆಣಸಿನಕಾಯಿ ಬಿಡಿಸುವಾಗ ಮಕ್ಕಳು ಹೊಲದಲ್ಲಿರುತ್ತಾರೆ. ಹೋದ ವರ್ಷ ನವೆಂಬರ್ ಕೊನೆಗೆ ಒಬ್ಬ ಹುಡುಗ 130 ದಿನಕ್ಕೆ 92 ದಿನ ಬಂದಿದ್ದ. ಶೇ. 71ಕ್ಕೂ ಸ್ವಲ್ಪ ಕಡಿಮೆ. ವರ್ಷಕ್ಕೆ 220 ದಿನ ಅಂತ ಹಿಡಿದರೆ 165 ದಿನ ಬೇಕು. ಉಳಿದ 90 ದಿನದಲ್ಲಿ ಅವನು 73 ದಿನ ಬರಲೇಬೇಕು, ಹೆಚ್ಚೆಂದರೆ 17 ದಿನ ತಪ್ಪಿಸಬಹುದು. ಕ್ಲಾಸ್ ಟೀಚರ್ ಈ 17 ಎಂಬ ಸಂಖ್ಯೆ ಹಿಡಿದುಕೊಂಡು ಮನೆಗೆ ಹೋದರು. ಹುಡುಗನ ತಾಯಿ ಮೆಣಸಿನಕಾಯಿಗೆ ಎಷ್ಟು ದಿನ ಬೇಕು ಅಂತ ಅಲ್ಲೇ ಎಣಿಸಿ, ಹನ್ನೆರಡು ದಿನ ಸಾಕು ಅಂದರಂತೆ. ಹುಡುಗ ಪರೀಕ್ಷೆ ಬರೆದ.

ಬಗೆಹರಿಯದೇ ಉಳಿದಿದ್ದೂ ಇದೆ. ಈ ಆ್ಯಪ್‌ಗೂ ಸ್ಯಾಟ್ಸ್‌ಗೂ ಸಂಬಂಧವಿಲ್ಲ. ಹೊಸ ಮಗು ಬಂದರೆ ಕ್ಲರ್ಕ್ ಸರ್ ರಿಜಿಸ್ಟರ್, ಸ್ಯಾಟ್ಸ್, ಆ್ಯಪ್ ಅಂತ ಮೂರು ಕಡೆ ಬರೆಯಬೇಕು. ಡಬಲ್ ಕೆಲಸ ಕಮ್ಮಿಯಾಗುತ್ತೆ ಅಂತ ತಗೊಳ್ಳುವವರು ಇದನ್ನು ಮೊದಲೇ ಕೇಳಿಕೊಳ್ಳಿ. ತಂದೆ ತಾಯಿ ಸಿಮ್ ಬದಲಾಯಿಸುತ್ತಲೇ ಇರುತ್ತಾರೆ. ಪ್ರತಿ ಜೂನ್ ಮತ್ತು ದಸರಾ ರಜೆ ಆದ ಮೇಲೆ ನಂಬರ್ ಮತ್ತೆ ಕೇಳದಿದ್ದರೆ ಮೆಸೇಜ್ ಯಾರಿಗೋ ಹೋಗುತ್ತದೆ. ತಿಂಗಳ ಕೊನೆಗೆ ಹಾಜರಿ ಪ್ರಿಂಟ್ ತೆಗೆದು, ಕ್ಲಾಸ್ ಟೀಚರ್ ಮತ್ತು ಹೆಡ್‌ಮಾಸ್ಟರ್ ಸಹಿ ಮಾಡಿ ಬೈಂಡ್ ಮಾಡಿಸುತ್ತೇವೆ. ಜನರಲ್ ರಿಜಿಸ್ಟರ್ ಕಾಗದದಲ್ಲೇ ಇದೆ, ಬೀರುವಿನಲ್ಲೇ ಇದೆ.

ಈ ಜೂನ್‌ನಲ್ಲಿ ಒಂದು ವರ್ಷಕ್ಕೆ ಮಾತ್ರ ನವೀಕರಿಸಿದ್ದೇವೆ. ಕೇಳಿದಾಗ ನಮ್ಮ ಮಾಹಿತಿಯನ್ನೆಲ್ಲಾ ಎಕ್ಸೆಲ್‌ನಲ್ಲಿ ವಾಪಸ್ ಕೊಡಬೇಕು ಅಂತ ಬರೆಸಿಕೊಂಡಿದ್ದೇವೆ. ಹೊಸ 8ನೇ ತರಗತಿಯ ದಾಖಲಾತಿ ಮುಗಿದ ಸಂಜೆ ಆಫೀಸಿನಲ್ಲಿ ಕೂತೆವು. ಕ್ಲರ್ಕ್ ಸರ್ ರಿಜಿಸ್ಟರ್ ತೆರೆದು ಓದಿದರು, ನಾನು ಒಂದೊಂದೇ ಕಾಲಂ ತುಂಬಿದೆ. ಈ ಸಲ 98 ಹೆಸರು. ಅದರಲ್ಲಿ ಜೂನ್ ಒಂದರವರು ಒಂಬತ್ತು ಮಂದಿ.