ಅಜ್ಜಿಯ ಮದುವೆಯ ಪರದೆ: ಒಮ್ಮೆ ಫ್ಲೆಕ್ಸಿನಲ್ಲಿ, ಒಮ್ಮೆ ಬಟ್ಟೆಯ ಮೇಲೆ

1963ರಲ್ಲಿ ಮದುವೆಯಾದ ವಾರದೊಳಗೆ ನಮ್ಮ ಅಜ್ಜ ಮತ್ತು ಅಜ್ಜಿ ತಿಪಟೂರಿನ ಒಂದು ಸ್ಟುಡಿಯೋದಲ್ಲಿ ತೆಗೆಸಿಕೊಂಡ ಫೋಟೋ ಅಂಚುಗಳಿಂದ ಒಳಕ್ಕೆ ಹಳದಿಯಾಗುತ್ತ ಬಂದಿದೆ. ಅಜ್ಜನ ಕರಿಯ ಕೋಟು ಹಾಗೆಯೇ ಉಳಿದಿದೆ, ಮುಖಗಳೂ ತಕ್ಕಮಟ್ಟಿಗೆ ಉಳಿದಿವೆ. ಹಿಂದಿದ್ದ ತೋಟದ ಪರದೆ ಮಾತ್ರ ಬಹುಪಾಲು ಮಾಸಿಹೋಗಿದೆ. ಕಪ್ಪು-ಬಿಳುಪು ಫೋಟೋವನ್ನು ತೊಳೆಯುವಾಗ, ಚಿತ್ರವನ್ನು ಕಾಗದದ ಮೇಲೆ ಸ್ಥಿರಗೊಳಿಸಲು ಬಳಸುವ ಹೈಪೋ ಎಂಬ ರಾಸಾಯನಿಕ ಪೂರ್ತಿಯಾಗಿ ಹೋಗದಿದ್ದರೆ ಅದರಲ್ಲಿನ ಗಂಧಕ ಬೆಳ್ಳಿಯ ಕಣಗಳನ್ನು ವರ್ಷಾನುಗಟ್ಟಲೆ ತಿನ್ನುತ್ತದೆ, ಮತ್ತು ಬೆಳ್ಳಿ ತೆಳುವಾಗಿರುವ ತಿಳಿಬೂದು ಭಾಗಗಳೇ ಮೊದಲು ಅಳಿಯುತ್ತವೆ. ಅಜ್ಜಿಗೆ ಎಂಬತ್ತು ತುಂಬುವ ದಿನ ಆ ಪರದೆಯನ್ನು ಮತ್ತೆ ಅವರ ಮುಂದೆ ತೂಗುಹಾಕಬೇಕೆಂಬ ಆಸೆಯಿಂದ ನಾನು ಎರಡು ದಾರಿಗಳನ್ನು ಪ್ರಯತ್ನಿಸಿದೆ.

ಮೊದಲನೆಯದು ಫ್ಲೆಕ್ಸ್. ಆರು ಇಂಚು ಅಗಲ, ನಾಲ್ಕೂವರೆ ಇಂಚು ಎತ್ತರದ ಆ ಫೋಟೋವನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಹದಿನಾರು ಪಟ್ಟು ಹಿಗ್ಗಿಸಿ, ಎಂಟು ಅಡಿಗೆ ಆರು ಅಡಿಯ ಅಳತೆಯಲ್ಲಿ ಮುದ್ರಿಸಿದೆವು. ಇಂಚಿಗೆ 75 ಚುಕ್ಕೆಗಳು ಸಿಗುತ್ತವೆಂಬ ಲೆಕ್ಕವೇನೋ ಸರಿಯಾಗಿತ್ತು, ಆದರೆ ಫೋಟೋದಲ್ಲೇ ಇಲ್ಲದ ಎಲೆಯನ್ನು ಯಾವ ಸ್ಕ್ಯಾನರೂ ತರಲಾರದು. ಅಜ್ಜ-ಅಜ್ಜಿಯರ ಆಕೃತಿಯನ್ನು ತೆಗೆದ ಮೇಲೆ ಉಳಿದ ಖಾಲಿ ಜಾಗಕ್ಕೆ ಪಕ್ಕದ ಪೊದೆಯನ್ನೇ ನಕಲು ಮಾಡಿ ತುಂಬಿದ್ದರಿಂದ ಒಂದೇ ಕೊಂಬೆ ಐದು ಕಡೆ ಕಾಣಿಸುತ್ತಿತ್ತು. ಟ್ಯೂಬ್‌ಲೈಟಿನ ಬೆಳಕು ಫ್ಲೆಕ್ಸಿನ ನುಣುಪಿನ ಮೇಲೆ ಉದ್ದನೆಯ ಬಿಳಿ ಗೆರೆಯಾಗಿ ಬಿದ್ದಿತ್ತು. ಅಜ್ಜಿ ನೋಡಿ, "ಚೆನ್ನಾಗಿದೆ ಕಣಪ್ಪ, ಯಾವೂರ ತೋಟ ಇದು?" ಎಂದು ಕೇಳಿದರು. ಒಂದೇ ದಿನದಲ್ಲಿ ಸಿದ್ಧವಾಗುತ್ತದೆ ಎಂಬುದನ್ನು ಬಿಟ್ಟರೆ ಫ್ಲೆಕ್ಸಿನ ಪರವಾಗಿ ಹೇಳಲು ನನ್ನಲ್ಲಿ ಬೇರೇನೂ ಇಲ್ಲ.

ಎರಡನೆಯ ದಾರಿಗಾಗಿ ಕಂಪನಿ ನಾಟಕಗಳಿಗೆ ಪರದೆ ಬರೆಯುತ್ತಿದ್ದ ಹಿರಿಯ ಕಲಾವಿದರೊಬ್ಬರನ್ನು ಹುಡುಕಿಕೊಂಡು ಹೋದೆ. ಗುಬ್ಬಿ ಕಂಪನಿ ಹುಟ್ಟಿದ ಜಿಲ್ಲೆಯಲ್ಲಿ ಅಂಥವರು ಇನ್ನೂ ಸಿಗುತ್ತಾರೆಂಬುದು ನನಗೆ ಬಹಳ ಸಂತೋಷದ ಸಂಗತಿ. ಅವರು ಕೋರಾ ಬಟ್ಟೆಯನ್ನು ಒಗೆದು ಗಂಜಿ ತೆಗೆದು, ಚೌಕಟ್ಟಿಗೆ ಬಿಗಿದು, ಸೀಮೆಸುಣ್ಣದ ಪುಡಿ ಮತ್ತು ಅಂಟನ್ನು ಕಲಸಿ ತಳಪಾಯ ಬಳಿದರು. ಅಂಟು ಹೆಚ್ಚಾದರೆ ಬಟ್ಟೆ ಸುತ್ತುವಾಗ ಬಣ್ಣ ಬಿರಿಯುತ್ತದೆ, ಕಡಿಮೆಯಾದರೆ ಪುಡಿಯಾಗಿ ಉದುರುತ್ತದೆ. ಆದ್ದರಿಂದ ಒಣಗಿದ ಮೂಲೆಯೊಂದನ್ನು ಬೆರಳಿನಿಂದ ಉಜ್ಜಿ, ಬೆರಳು ಬೆಳ್ಳಗಾಗುವುದಿಲ್ಲ ಎಂದು ನೋಡಿಕೊಂಡ ಮೇಲೆಯೇ ಅವರು ಮುಂದುವರಿದರು. ಅನಂತರ ಫೋಟೋದ ನಕಲಿನ ಮೇಲೆ ಅರ್ಧ ಇಂಚಿನ ಚೌಕಗಳನ್ನೂ, ಬಟ್ಟೆಯ ಮೇಲೆ ಎಂಟು ಇಂಚಿನ ಚೌಕಗಳನ್ನೂ ಎಳೆದು, ಒಂದೊಂದೇ ಚೌಕವನ್ನು ಸಾಗಿಸಿದರು.

ಬಣ್ಣದ ವಿಚಾರದಲ್ಲಿ ನನಗೆ ಹಸಿರು ತೋಟ, ಕೆಂಪು ದಾಸವಾಳ ಬೇಕಾಗಿತ್ತು. ಅಜ್ಜಿ ಒಪ್ಪಲಿಲ್ಲ. "ಆ ಪರದೆ ಪೂರ್ತಿ ಬೂದಿ ಬಣ್ಣದ್ದು. ಹೂವೂ ಬೂದಿ, ಎಲೆಯೂ ಬೂದಿ" ಎಂದರು. ಕಲಾವಿದರು ಅದು ನಿಜವೆಂದು ಹೇಳಿ, ಎರಡಡಿಯ ಎರಡು ತುಂಡುಗಳಲ್ಲಿ ಒಂದೇ ಗಿಡವನ್ನು ಬಣ್ಣದಲ್ಲಿ ಒಮ್ಮೆ, ಬೂದಿಯಲ್ಲಿ ಒಮ್ಮೆ ಬರೆದು ತೋರಿಸಿದರು. ಎರಡನ್ನೂ ಮೊಬೈಲಿನಲ್ಲಿ ಕಪ್ಪು-ಬಿಳುಪಾಗಿ ತೆಗೆದಾಗ, ಬಣ್ಣದ ತುಂಡಿನಲ್ಲಿ ಕೆಂಪು ಹೂವು ಮತ್ತು ಹಸಿರು ಎಲೆ ಒಂದೇ ಬೂದಿಯಾಗಿ ಬೆರೆತುಹೋದವು. ಬೂದಿಯ ತುಂಡಿನಲ್ಲಿ ಪ್ರತಿಯೊಂದು ದಳವೂ ಬೇರೆಬೇರೆಯಾಗಿ ನಿಂತಿತು. ಆ ಕಾಲದ ಸ್ಟುಡಿಯೋಗಳು ಹಾಗೇಕೆ ಬರೆಸುತ್ತಿದ್ದವೆಂದು ನನಗೆ ತಿಳಿದದ್ದು ಆಗಲೇ. ಪೂರ್ತಿ ಪರದೆಯನ್ನು ಬೂದಿಯಲ್ಲೇ ಬರೆಸಿದೆ. ಹಸಿಯಾಗಿದ್ದಾಗ ಮೋಡದಷ್ಟು ಕಪ್ಪಗಿದ್ದ ಮರಗಳು ಒಣಗಿದ ಮೇಲೆ ತಿಳಿಯಾಗಿ ಹಿಂದಕ್ಕೆ ಸರಿದವು.

ಫೋಟೋದಲ್ಲಿ ಅಜ್ಜ ನಿಂತಿದ್ದ ಜಾಗವನ್ನು ಕಲಾವಿದರು ಊಹೆಯಿಂದ ತುಂಬದೆ ಖಾಲಿ ಬಿಟ್ಟಿದ್ದರು. ಪರದೆ ತೂಗುಹಾಕಿದ ದಿನ ಅಜ್ಜಿ ಅದರ ಮುಂದೆ ಕುರ್ಚಿಯಲ್ಲಿ ಬಹಳ ಹೊತ್ತು ಕುಳಿತಿದ್ದರು. ಕಲ್ಲಿನ ಕಟಕಟೆ, ಮೆಟ್ಟಿಲು, ಹೂಕುಂಡ ಎಲ್ಲವನ್ನೂ ಒಂದೊಂದಾಗಿ ನೋಡಿದ ಮೇಲೆ ಕೈ ಎತ್ತಿ ಆ ಖಾಲಿ ಜಾಗವನ್ನು ತೋರಿಸಿದರು.

"ಅಲ್ಲೊಂದು ನವಿಲಿತ್ತು. ನಿಮ್ಮಜ್ಜ ಅದಕ್ಕೆ ಅಡ್ಡ ನಿಂತುಬಿಟ್ಟರು. ನವಿಲು ಬೀಳಲಿ, ಸ್ವಲ್ಪ ಸರೀರಿ ಅಂತ ಹೇಳೋಕೆ ನನಗೆ ನಾಚಿಕೆ."

ಅರವತ್ತು ವರ್ಷ ಯಾವ ಫೋಟೋದಲ್ಲೂ ಇರದಿದ್ದ ಆ ನವಿಲನ್ನು ಫ್ಲೆಕ್ಸಿನಲ್ಲಿ ಸೇರಿಸಬೇಕಾಗಿದ್ದರೆ ಇಡೀ ಹಾಳೆಯನ್ನು ಬಿಸಾಡಿ ಮತ್ತೆ ಮುದ್ರಿಸಬೇಕಾಗುತ್ತಿತ್ತು. ಕಲಾವಿದರು ಇದ್ದಿಲಿನ ತುಂಡೊಂದನ್ನು ತೆಗೆದುಕೊಂಡು ಪರದೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕುತ್ತಿಗೆ ಯಾವ ಕಡೆಗೆ ಬಾಗಿತ್ತೆಂದು ಅಜ್ಜಿಯನ್ನು ಕೇಳಿದರು.

"ನನ್ನ ಕಡೆಗೆ" ಎಂದರು ಅಜ್ಜಿ.