27 ಇಂಚಿನ 4ಕೆ ಮಾನಿಟರ್‌ಗೆ ಟೈಪ್-ಸಿ ಕೇಬಲ್: ಎರಡು ವರ್ಷದ ಬಳಕೆಯ ನಂತರ

ಲ್ಯಾಪ್‌ಟಾಪ್ ಚಾರ್ಜ್ ಆಗುತ್ತಿದೆ. ಮಾನಿಟರ್‌ನ ಹಿಂದೆ ಸಿಕ್ಕಿಸಿದ ಕೀಬೋರ್ಡ್, ಮೌಸ್ ಎರಡೂ ನಡೆಯುತ್ತಿವೆ. ಪರದೆಯಲ್ಲಿ ಮಾತ್ರ No Signal. ಹೀಗಾದಾಗ ಮಾನಿಟರನ್ನೇ ವಾಪಸ್ ಕಳಿಸಲು ಹೊರಡಬೇಡಿ, ಮೊದಲು ಅನುಮಾನಿಸಬೇಕಾದದ್ದು ಕೇಬಲನ್ನು.

ಕಾರಣ ಒಳಗಿನ ತಂತಿಗಳಲ್ಲಿದೆ. ಮಾರುಕಟ್ಟೆಯಲ್ಲಿ 'ಚಾರ್ಜಿಂಗ್ ಕೇಬಲ್' ಎಂದು ಸಿಗುವ ಹೆಚ್ಚಿನ ಸಿ-ಟು-ಸಿ ಕೇಬಲ್‌ಗಳಲ್ಲಿ ವಿದ್ಯುತ್ತಿನ ತಂತಿಗಳು, ಎರಡು ತುದಿಗಳು ಮಾತಾಡಿಕೊಳ್ಳಲು ಒಂದು ತಂತಿ, ಹಳೆಯ ಯುಎಸ್‌ಬಿ 2.0ದ ಒಂದು ಜೋಡಿ ಡೇಟಾ ತಂತಿ, ಇಷ್ಟೇ ಇರುತ್ತವೆ. ಕೀಬೋರ್ಡ್ ಮೌಸಿಗೆ ಅಷ್ಟು ಸಾಕು. ವಿಡಿಯೋ ಹೋಗುವುದು ಬೇರೆಯೇ ನಾಲ್ಕು ಹೈ-ಸ್ಪೀಡ್ ಜೋಡಿಗಳಲ್ಲಿ, ಅವು ಈ ಕೇಬಲ್‌ನಲ್ಲಿ ಇಲ್ಲವೇ ಇಲ್ಲ. ಸೆಟ್ಟಿಂಗ್ ಬದಲಿಸಿದರೂ ಡ್ರೈವರ್ ಹಾಕಿದರೂ ಇಲ್ಲದ ತಂತಿ ಬರುವುದಿಲ್ಲ.

ಇಲ್ಲಿ ಎಲ್ಲರೂ ಎಡವುವುದು ವ್ಯಾಟ್‌ನಲ್ಲಿ. 100 ವ್ಯಾಟ್, 240 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದ, ದಪ್ಪ ಹೆಣಿಗೆಯ 2 ಮೀಟರ್ ಕೇಬಲ್ ನೋಡಿದರೆ ಇದು ಎಲ್ಲಕ್ಕೂ ಆಗುತ್ತದೆ ಅನ್ನಿಸುತ್ತದೆ. ವ್ಯಾಟ್ ಹೇಳುವುದು ವಿದ್ಯುತ್ತಿನ ತಂತಿಯ ಬಗ್ಗೆ ಮಾತ್ರ. 240 ವ್ಯಾಟ್ ಕೇಬಲ್‌ನಲ್ಲೂ ಡೇಟಾ ವೇಗ 480 ಎಂಬಿಪಿಎಸ್ ಇರಬಹುದು, ಅಂದರೆ ವಿಡಿಯೋ ಇಲ್ಲ. ಕೇಬಲ್ ತನ್ನ ಸಾಮರ್ಥ್ಯವನ್ನು ಎರಡೂ ತುದಿಗೆ ತಿಳಿಸಲು ಬಳಸುವ ಇ-ಮಾರ್ಕರ್ ಚಿಪ್ ಇದೆ ಎಂಬ ಮಾತೂ ಸಾಲದು. 5 ಆಂಪಿಯರ್ ಒಯ್ಯುವ ಚಾರ್ಜಿಂಗ್ ಕೇಬಲ್‌ಗೂ ಅದು ಬೇಕೇ ಬೇಕು.

ಪ್ಯಾಕೆಟ್ ಮೇಲೆ ಹುಡುಕಬೇಕಾದದ್ದು ವೇಗದ ಅಂಕಿ: 5, 10, 20 ಅಥವಾ 40 ಜಿಬಿಪಿಎಸ್. ವೇಗವನ್ನೇ ಬರೆಯದ ಪ್ಯಾಕೆಟ್ಟನ್ನು ಚಾರ್ಜಿಂಗ್ ಕೇಬಲ್ ಎಂದೇ ಎಣಿಸಿ. ಒಂದು ತುದಿ ಹಳೆಯ ಅಗಲದ ಯುಎಸ್‌ಬಿ-ಎ ಆಗಿದ್ದರೆ ಅದನ್ನು ನೋಡುವುದೇ ಬೇಡ.

ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲಿ "ಡಿಸ್‌ಪ್ಲೇ ಚಲೇಗಾ ಕ್ಯಾ?" ಎಂದು ಕೇಳಿದರೆ "ಚಲೇಗಾ" ಎಂಬ ಉತ್ತರ ಸುಲಭವಾಗಿ ಬರುತ್ತದೆ. "ಕಿತನಾ ಜಿಬಿಪಿಎಸ್ ಲಿಖಾ ಹೈ?" ಎಂದು ಕೇಳಿ, ಆಗ ಅಂಗಡಿಯವರೂ ಪ್ಯಾಕೆಟ್ ತಿರುಗಿಸಿ ಓದಲೇಬೇಕಾಗುತ್ತದೆ. ಕೇಬಲ್ ತೆಗೆದು ತೋರಿಸಿದರೆ ಪ್ಲಗ್ಗಿನ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಚಿನ್ನದ ಬಣ್ಣದ ಕಾಲುಗಳ ಸಾಲಿನಲ್ಲಿ ನಡುನಡುವೆ ದೊಡ್ಡ ಖಾಲಿ ಜಾಗಗಳಿದ್ದರೆ ವಿಡಿಯೋ ಬರುವುದಿಲ್ಲ. ಸಾಲು ತುಂಬಿದ್ದರೆ ಮಾತ್ರ ಏನೂ ಖಚಿತವಲ್ಲ, ಏಕೆಂದರೆ ತುಂಬಿದ ಪ್ಲಗ್ಗಿಗೆ ಕಡಿಮೆ ತಂತಿ ಬೆಸೆದ ಕೇಬಲ್‌ಗಳೂ ಸಿಗುತ್ತವೆ.

ಇದಕ್ಕಿಂತ ಗಟ್ಟಿ ಪರೀಕ್ಷೆ ಎಸ್‌ಎಸ್‌ಡಿಯದು. ಲ್ಯಾಪ್‌ಟಾಪ್, ಸಿ ಕಿಂಡಿಯ ಹೊರ ಎಸ್‌ಎಸ್‌ಡಿ ಎರಡನ್ನೂ ಅಂಗಡಿಗೆ ಒಯ್ಯಿರಿ. ಮೊದಲು ಎಸ್‌ಎಸ್‌ಡಿ ಜೊತೆ ಬಂದ ಕೇಬಲ್‌ನಲ್ಲೇ 2 ಜಿಬಿ ಫೈಲೊಂದನ್ನು ಕಾಪಿ ಮಾಡಿ ವೇಗ ನೋಡಿಕೊಳ್ಳಿ. ಇದನ್ನು ಬಿಡಬೇಡಿ: ಲ್ಯಾಪ್‌ಟಾಪಿನ ಆ ಪೋರ್ಟೇ ನಿಧಾನವಾಗಿದ್ದರೆ ಒಳ್ಳೆಯ ಕೇಬಲ್ ಮೇಲೂ ತಪ್ಪು ಹೊರಿಸಿಬಿಡುತ್ತೀರಿ. ಆಮೇಲೆ ಹೊಸ ಕೇಬಲ್ ಹಾಕಿ. ವೇಗ ಸೆಕೆಂಡಿಗೆ ಸುಮಾರು 40 ಎಂಬಿಯಲ್ಲೇ ನಿಂತರೆ ಅದು ಯುಎಸ್‌ಬಿ 2.0 ಕೇಬಲ್. ಕೆಲವು ನೂರು ಎಂಬಿ ದಾಟಿದರೆ ಹೈ-ಸ್ಪೀಡ್ ತಂತಿಗಳಿವೆ. ಲಿನಕ್ಸ್ ಇದ್ದರೆ ಕಾಪಿಯೂ ಬೇಡ:

```
lsusb -t
```

ಎಸ್‌ಎಸ್‌ಡಿಯ ಸಾಲಿನ ಕೊನೆಯಲ್ಲಿ 480M ಬಂದರೆ ಕೇಬಲ್ ಬಿಡಿ, 5000M ಅಥವಾ 10000M ಬಂದರೆ ಕೊಳ್ಳಿ.

ಕೇಬಲ್ ಸರಿಯಿದ್ದ ಮಾತ್ರಕ್ಕೆ ಮುಗಿಯಲಿಲ್ಲ. ಲ್ಯಾಪ್‌ಟಾಪಿನ ಸಿ ಪೋರ್ಟಿನಲ್ಲೂ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್, ಅಂದರೆ ಸಿ ಪೋರ್ಟಿನಿಂದ ವಿಡಿಯೋ ಕಳಿಸುವ ಸೌಲಭ್ಯ, ಇರಬೇಕು. ಪೋರ್ಟಿನ ಪಕ್ಕದ ಡಿಪಿ ಗುರುತು ಅಥವಾ ಥಂಡರ್‌ಬೋಲ್ಟಿನ ಬಾಣದ ಮಿಂಚು ನೋಡಿ; ಗುರುತಿಲ್ಲದಿದ್ದರೆ ಮಾನಿಟರಿಗೆ ದುಡ್ಡು ಕೊಡುವ ಮೊದಲೇ ಮಾಡೆಲ್ಲಿನ ಸ್ಪೆಸಿಫಿಕೇಶನ್ ಓದಿ.

ಉದ್ದದ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಸಾಕಾಗುವಷ್ಟು ಗಿಡ್ಡದ್ದೇ ಒಳ್ಳೆಯದು. 10 ಜಿಬಿಪಿಎಸ್‌ನ ಸಾಮಾನ್ಯ ಕೇಬಲ್ ಸುಮಾರು 1 ಮೀಟರ್ ಇರುತ್ತದೆ. ಮಾನಿಟರನ್ನು ಆರ್ಮ್‌ಗೆ ಹಾಕುವವರು ಕೇಬಲ್ ತೋಳಿನ ಗುಂಟ ಹೋಗುವ ದಾರಿಯನ್ನು ಮೊದಲೇ ದಾರ ಹಿಡಿದು ಅಳೆಯಿರಿ. ಎಳೆದು ಕಟ್ಟಿದರೆ ಪ್ಲಗ್ ಓರೆಯಾಗುತ್ತದೆ, ತಿಂಗಳುಗಳ ನಂತರ ಪರದೆ ಆಗಾಗ ಕ್ಷಣಕಾಲ ಕಪ್ಪಾಗಲು ಶುರುವಾಗುತ್ತದೆ.

ಎರಡು ವರ್ಷದ ನಂತರವೂ ಮೊದಲ ಸ್ಥಾನ ಮಾನಿಟರ್ ಡಬ್ಬಿಯಲ್ಲೇ ಬಂದ ಸಿ ಕೇಬಲ್‌ಗೆ. ಹೊಸದನ್ನು ಹುಡುಕುವ ಮೊದಲು ಥರ್ಮಾಕೋಲಿನ ಅಡಿ ನೋಡಿ. ಅದನ್ನೇ ಹಾಕಿಯೂ 4ಕೆ ಚಿತ್ರ 30 ಹರ್ಟ್ಸ್‌ನಲ್ಲೇ ನಿಂತರೆ ಕೇಬಲ್ ಬದಲಿಸುವ ಮುನ್ನ ಮಾನಿಟರಿನ ಮೆನು ತೆರೆಯಿರಿ. ಯುಎಸ್‌ಬಿ ಹಬ್ ಇರುವ ಮಾನಿಟರ್‌ಗಳಲ್ಲಿ ಡೇಟಾ ವೇಗಕ್ಕೆ ಆದ್ಯತೆ ಕೊಟ್ಟಿದ್ದರೆ ನಾಲ್ಕರಲ್ಲಿ ಎರಡು ಜೋಡಿ ಹಬ್ಬಿನ ಪಾಲಾಗುತ್ತವೆ, ವಿಡಿಯೋಗೆ ಉಳಿಯುವುದು ಎರಡೇ. ಆದ್ಯತೆಯನ್ನು ರೆಸಲ್ಯೂಶನ್‌ಗೆ ತಿರುಗಿಸಿದರೆ ಅದೇ ಕೇಬಲ್‌ನಲ್ಲಿ 60 ಹರ್ಟ್ಸ್ ಬರುತ್ತದೆ, ಹಬ್ಬಿಗೆ ಹಾಕಿದ ಪೆನ್‌ಡ್ರೈವ್ ಮಾತ್ರ ಯುಎಸ್‌ಬಿ 2.0 ವೇಗಕ್ಕೆ ಇಳಿಯುತ್ತದೆ.